ಓಟಿಪಿ ಮಾವ

ಓಟಿಪಿ ಯಾರಿಗೂ ಹೇಳಬೇಡಿ ಎಂದು ಊರಿಗೆಲ್ಲ ಸಾರುತ್ತ, ಮಗಳ ಹಾಲ್‌ಟಿಕೆಟ್ಟನ್ನು ಅದೇ ಊರಿಗೆಲ್ಲ ಹಂಚುವ ಒಬ್ಬರು ಪ್ರತಿ ಬಳಗದಲ್ಲೂ ಇರುತ್ತಾರೆ. ನಮ್ಮ ಬಳಗದಲ್ಲಿ ಆ ಪೀಠ ನನ್ನ ಸೋದರಮಾವನದು. ಬ್ಯಾಂಕಿನಲ್ಲಿ ದುಡಿದು ಸ್ವಯಂನಿವೃತ್ತಿ ಪಡೆದವರು. ಎಟಿಎಮ್ಮಿನಲ್ಲಿ ಪಿನ್ ಒತ್ತುವಾಗ ಎಡಗೈಯನ್ನು ಕೊಡೆಯ ಹಾಗೆ ಬಾಗಿಸಿ ಹಿಡಿಯುತ್ತಾರೆ. ಹಿಂದೆ ನಿಂತ ಅತ್ತೆಗೂ "ಸ್ವಲ್ಪ ಆ ಕಡೆ ತಿರುಗು" ಎನ್ನುತ್ತಾರೆ. ಕೊರಿಯರ್ ಹುಡುಗ ಓಟಿಪಿ ಕೇಳಿದರೆ ಅವನ ಊರು, ತಂದೆಯ ಹೆಸರು ವಿಚಾರಿಸದೆ ಕೊಟ್ಟವರಲ್ಲ. ಆದರೆ ಪರೀಕ್ಷೆ ಎಂಬ ಮೂರಕ್ಷರ ಕಿವಿಗೆ ಬಿದ್ದರೆ ಸಾಕು, ಮಾವನೊಳಗಿನ ಬ್ಯಾಂಕಿನವರು ಎದ್ದು ಹೋಗಿ ಬರೀ ಅಪ್ಪ ಉಳಿಯುತ್ತಾರೆ.

ಈ ಅಪ್ಪ ಫೋಟೋ ಹಾಕುವುದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ. ಕುಟುಂಬ ಎಂದರೆ ಬರೀ ಕುಟುಂಬವಲ್ಲ. ಅದರಲ್ಲಿ ಗೃಹಪ್ರವೇಶದ ಅಡುಗೆಯವರೂ ಇದ್ದಾರೆ. ಮೆನು ಮಾತಾಡಲು ಸೇರಿಸಿದ್ದು, ಸಾರು ಚೆನ್ನಾಗಿತ್ತೆಂದು ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ. ಟೆಂಪೊ ಟ್ರಾವೆಲರಿನವನಿದ್ದಾನೆ. ಯಾರ ಕಡೆಯವರೆಂದು ಇನ್ನೂ ಇತ್ಯರ್ಥವಾಗದ ನಾಲ್ಕಾರು ನಂಬರುಗಳಿವೆ. ಅವು ಹಬ್ಬಕ್ಕೆ ತಪ್ಪದೆ ಶುಭಾಶಯ ಕಳಿಸುವುದರಿಂದ ಬಂಧುಗಳೆಂದೇ ಲೆಕ್ಕ.

ಈ ಸಲ ಮಗಳು ಸಿಇಟಿ ಬರೆದಳು. ಸಿಇಟಿಯಲ್ಲಿ ಓಎಂಆರ್ ಹಾಳೆಯ ಒಂದು ಪ್ರತಿ ಅಭ್ಯರ್ಥಿಯ ಕೈಗೇ ಬರುತ್ತದೆ. ಪರೀಕ್ಷಾ ಪ್ರಾಧಿಕಾರ ಕೀ ಉತ್ತರ ಪ್ರಕಟಿಸಿದಾಗ ತಾಳೆ ನೋಡಿಕೊಳ್ಳಲಿ, ತಕರಾರಿದ್ದರೆ ಹೇಳಲಿ ಎಂಬುದು ಅದರ ಉದ್ದೇಶ. ಮಾವನಿಗೆ ಫಿಸಿಕ್ಸ್‌ನ 60 ಪ್ರಶ್ನೆಗಳಲ್ಲಿ ಎರಡರ ಮೇಲೆ ಅನುಮಾನ. ಗುಂಪಿನಲ್ಲಿ ಇಬ್ಬರು ಮೇಷ್ಟ್ರಿದ್ದಾರಲ್ಲ, ಅವರ ಮುಂದಿಡೋಣ ಎಂದು ಹೊರಟರು. ಮಗಳು ಬಾಗಿಲಲ್ಲೇ ತಡೆದಳು: "ಅಪ್ಪಾ, ನನ್ನ ನಂಬರ್ ಮುಚ್ಚಿ ಹಾಕಿ."

"ಬ್ಯಾಂಕಿನೋನಿಗೆ ಹೇಳಿಕೊಡ್ತೀಯೇನೇ?" ಎಂದು ಮಾವ ಕನ್ನಡಕ ಏರಿಸಿ ಕೂತರು. ಫೋನಿನ ಗ್ಯಾಲರಿಯಲ್ಲಿ ಚಿತ್ರ ತೆಗೆದು, ಕಪ್ಪು ಬಣ್ಣ ಆರಿಸಿ, ಹೆಸರಿನ ಮೇಲೂ ನಂಬರಿನ ಮೇಲೂ ಬೆರಳಿನಿಂದ ತಿದ್ದಿ ತೀಡಿದರು. ನೋಡುವುದಕ್ಕೆ ಕಾಡಿಗೆ ಬಳಿದ ಹಾಗಿತ್ತು. ಗುಂಪಿಗೆ ಹಾಕಿ ಎರಡು ನಿಮಿಷ ಆಗಿರಲಿಲ್ಲ, ಒಂಬತ್ತನೇ ಕ್ಲಾಸಿನಲ್ಲಿರುವ, ಮಾವನ ತಂಗಿಯ ಮಗ ಬರೆದ: "ಮಾವ, ಅಕ್ಕನ ನಂಬರ್ ಕೊನೆಗೆ 7 ಅಲ್ವಾ?"

ಹುಡುಗ ಮಾಡಿದ್ದು ಇಷ್ಟೇ. ಚಿತ್ರವನ್ನು ಇಳಿಸಿಕೊಂಡು ಅದರ ಬ್ರೈಟ್‌ನೆಸ್ಸನ್ನು ಪೂರ್ತಿ ಏರಿಸಿದ. ಮಾವ ಆರಿಸಿದ್ದು ಪೆನ್ನಲ್ಲ, ಹೈಲೈಟರ್. ಅದು ಪುಸ್ತಕದ ಸಾಲಿಗೆ ಹಳದಿ ಹಚ್ಚುವುದಕ್ಕೆಂದು ಇರುವ ಸಾಧನ. ಕೆಳಗಿನ ಅಕ್ಷರ ಕಾಣಲಿ ಎಂಬುದೇ ಅದರ ಧರ್ಮ. ಕಪ್ಪು ಬಣ್ಣ ಕೊಟ್ಟು ಮೂರು ಸಲ ಎಳೆದರೆ ನಮ್ಮ ಕಣ್ಣಿಗೆ ಕತ್ತಲೆ, ಚಿತ್ರದೊಳಗೆ ಮಾತ್ರ ಅಂಕಿಗಳು ತುಸು ಹೆಚ್ಚು ಕಪ್ಪಾಗಿ ಹಾಗೇ ಕೂತಿರುತ್ತವೆ. ಬೆಳಕು ಏರಿಸಿದರೆ ಎದ್ದು ಬರುತ್ತವೆ.

ಮಾವ ಚಿತ್ರ ಅಳಿಸಿದರು. ಎರಡನೇ ಸಲ ಹೈಲೈಟರ್ ಬಿಟ್ಟು, ಆಕಾರಗಳ ಪಟ್ಟಿಯಿಂದ ಒಳಗೆಲ್ಲ ಬಣ್ಣ ತುಂಬಿದ ಚೌಕ ತಂದು ನಂಬರಿನ ಮೇಲೆ ಕೂರಿಸಿದರು. ಇದು ಸರಿಯಾದ ಕ್ರಮ, ಒಪ್ಪಲೇಬೇಕು. ಆದರೆ ಕೂರಿಸಿದ್ದು ಮೇಲಿನ ಚೌಕಗಳಲ್ಲಿ ಪೆನ್ನಿನಿಂದ ಬರೆದ ಅಂಕಿಗಳ ಮೇಲೆ ಮಾತ್ರ. ಅದರ ಕೆಳಗೇ, ಪ್ರತಿ ಅಂಕಿಗೊಂದು ಕಂಬದಂತೆ, ಸೊನ್ನೆಯಿಂದ ಒಂಬತ್ತರವರೆಗೆ ಸುತ್ತುಗಳಿದ್ದವು. ಮಗಳು ಒಂದೊಂದು ಕಂಬದಲ್ಲೂ ಒಂದೊಂದು ಸುತ್ತನ್ನು ಅಚ್ಚುಕಟ್ಟಾಗಿ ತುಂಬಿದ್ದಳು. ಮೊದಲ ಕಂಬದಲ್ಲಿ ಮೇಲಿನಿಂದ ಮೂರನೆಯದು ಕಪ್ಪಾಗಿದ್ದರೆ ಅಂಕಿ ಎರಡು, ಮುಂದಿನ ಕಂಬದಲ್ಲಿ ಆರನೆಯದು ಕಪ್ಪಾಗಿದ್ದರೆ ಐದು. ಯಂತ್ರ ಓದಲೆಂದು ಮಾಡಿದ್ದನ್ನು ಅಡುಗೆಯವರೂ ಓದಬಹುದು. ಅಂದು ಅವರೇ ಓದಿದ್ದು. "ಸಾರ್, ಕೆಳಗಡೆ ಬಿಟ್ಟಿದ್ದೀರಿ" ಎಂದು ವಿನಯದಿಂದ ಕೈಮುಗಿದ ಚಿತ್ರವನ್ನೂ ಕಳಿಸಿದರು.

ಇಷ್ಟು ಸಾಲದೆಂಬಂತೆ, ಎಂಜಿನಿಯರಿಂಗ್ ಓದುವ ಮಗನ ಉತ್ತರಪತ್ರಿಕೆಯ ನಕಲೂ ಅದೇ ವಾರ ಬಂತು. ಮರುಮೌಲ್ಯಮಾಪನಕ್ಕೆ ಹಾಕಬೇಕೋ ಬೇಡವೋ ಎಂದು ಗುಂಪಿನ ಅಭಿಪ್ರಾಯ ಬೇಕಾಗಿತ್ತು. ಮುಖಪುಟದಲ್ಲಿ ಬಾರ್‌ಕೋಡ್. ಮಾವ ಅದರ ನಡುವೆ ಎಡದಿಂದ ಬಲಕ್ಕೆ ಎರಡು ಅಡ್ಡಗೆರೆ ಎಳೆದರು. ಚೆಕ್ ಕ್ರಾಸ್ ಮಾಡಿ ಮಾಡಿ ರೂಢಿಯಾದ ಕೈ. ಬಾರ್‌ಕೋಡಿನ ಗುಣ ಏನೆಂದರೆ, ಅದರ ಮಾಹಿತಿ ಇರುವುದು ಗೆರೆಗಳ ದಪ್ಪ ಮತ್ತು ನಡುವಿನ ಸಂದಿಯಲ್ಲಿ. ಗೆರೆ ಉದ್ದಕ್ಕಿರುವುದು ಓದುವ ಯಂತ್ರಕ್ಕೆ ಸಲೀಸಾಗಲೆಂದು ಮಾತ್ರ. ಮೇಲಿನ ತುದಿಯಲ್ಲೂ ಅದೇ ಸಂಖ್ಯೆ, ಬುಡದಲ್ಲೂ ಅದೇ ಸಂಖ್ಯೆ. ನಡುವೆ ಅಡ್ಡಗೆರೆ ಎಳೆದರೆ ಒಂದು ಬಾರ್‌ಕೋಡ್ ಹೋಗಿ ಎರಡಾಗುತ್ತದೆ. ಎಲ್ಲೋ ಒಂದು ಮೂಲೆಯಲ್ಲಿ ತೆಳ್ಳನೆಯ ಪಟ್ಟಿ ಉಳಿದರೂ, ಅದು ಈ ತುದಿಯಿಂದ ಆ ತುದಿವರೆಗೆ ಸ್ಪಷ್ಟವಾಗಿದ್ದರೆ ಫೋನಿನ ಸ್ಕ್ಯಾನರ್ ಓದಬಲ್ಲದು. ಗೆರೆಗಳ ಕೆಳಗೆ ಅದೇ ಸಂಖ್ಯೆಯನ್ನು ಅಂಕಿಗಳಲ್ಲೂ ಅಚ್ಚು ಹಾಕುವುದು ವಾಡಿಕೆ. ಅದನ್ನು ಮಾವ ಮುಟ್ಟಲೇ ಇಲ್ಲ.

ಇದಕ್ಕಿಂತ ಮೊದಲಿನ ಹಾಲ್‌ಟಿಕೆಟ್ ಪ್ರಕರಣದಲ್ಲಿ ಕ್ಯುಆರ್ ಕೋಡಿನ ಮೇಲೆ ಗಣಪತಿಯ ಸ್ಟಿಕರ್ ಅಂಟಿಸಿದ್ದರು. ವಿಘ್ನ ನಿವಾರಣೆಯೂ ಆಯಿತು, ಮುಚ್ಚಿದ ಹಾಗೂ ಆಯಿತು ಎಂಬ ಲೆಕ್ಕ. ಗಣಪತಿ ಪುಟ್ಟವನು, ನಡುವೆ ಕೂತ. ಕ್ಯುಆರ್ ಕೋಡಿಗೆ ಹರಿದರೂ ಮಾಸಿದರೂ ಓದಿಸಿಕೊಳ್ಳುವ ಶಕ್ತಿಯನ್ನು ಹುಟ್ಟಿನಲ್ಲೇ ಕೊಟ್ಟಿರುತ್ತಾರೆ. ಅದರ ನಾಲ್ಕು ಮಟ್ಟಗಳಲ್ಲಿ ಕಡಿಮೆಯದು ಸುಮಾರು ಶೇ. 7ರಷ್ಟು ಹಾನಿ ತಡೆದರೆ, ಗಟ್ಟಿಯದು ಸುಮಾರು ಶೇ. 30ರಷ್ಟನ್ನು ತಡೆಯುತ್ತದೆ. ಅಂಗಡಿಯಲ್ಲಿ ದುಡ್ಡು ಕೊಡುವ ಕ್ಯುಆರ್ ನಡುವೆ ಕಂಪನಿಯ ಗುರುತು ಕೂತಿದ್ದರೂ ದುಡ್ಡು ಹೋಗುವುದು ಇದರಿಂದಲೇ. ಮುಚ್ಚುವುದಾದರೆ ಮೂಲೆಯ ಮೂರು ಚೌಕಗಳೂ ಸೇರಿ ಪೂರ್ತಿ ಮುಚ್ಚಬೇಕು. ಅಷ್ಟು ದೊಡ್ಡ ಗಣಪತಿ ಮಾವನ ಸ್ಟಿಕರ್ ಸಂಗ್ರಹದಲ್ಲಿ ಇರಲಿಲ್ಲ.

"ಅಯ್ಯೋ, ನಂಬರ್ ಕಂಡರೆ ಏನಾಗತ್ತೆ ಕಣಯ್ಯ? ಅದೇನು ಪಾಸ್‌ವರ್ಡಾ?" ಎಂದು ಮಾವ ನನ್ನನ್ನು ಕೇಳಿದರು. ಈ ಪ್ರಶ್ನೆ ಕೇಳಲು ಅವರಷ್ಟು ಅನರ್ಹರು ಇನ್ನೊಬ್ಬರಿಲ್ಲ. ಮಾವನ ಬಳಿ ಬ್ಯಾಂಕಿನ ಹಳೆಯ ಡೈರಿಯೊಂದಿದೆ. ಅದರಲ್ಲಿ ಬಳಗದ, ಬೀದಿಯ ಮಕ್ಕಳ ರಿಜಿಸ್ಟರ್ ನಂಬರುಗಳಿವೆ. ದ್ವಿತೀಯ ಪಿಯು ಫಲಿತಾಂಶವನ್ನು karresults.nic.in ತಾಣದಲ್ಲಿ ನೋಡಲು ರಿಜಿಸ್ಟರ್ ನಂಬರ್ ಹಾಕಿ, ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ಆರಿಸಿದರೆ ಮುಗಿಯಿತು. ಮೂರರಲ್ಲಿ ಒಂದನ್ನು ಊಹಿಸುವುದು ಬ್ಯಾಂಕಿನವರಿಗೆ ಕಷ್ಟವೇ? ಒಂದೇ ಕಾಲೇಜಿನವರ ನಂಬರುಗಳು ಸಾಮಾನ್ಯವಾಗಿ ಒಂದರ ಹಿಂದೊಂದು ಬರುವುದರಿಂದ, ಒಬ್ಬರದು ಸಿಕ್ಕರೆ ಹಿಂದೆ ಮುಂದಿನ ಬೆಂಚಿನವರದೂ ಸಿಕ್ಕ ಹಾಗೆ. ಒಂದು ವರ್ಷ ಎದುರುಮನೆಯ ಹುಡುಗ ತನ್ನ ಫಲಿತಾಂಶ ನೋಡುವ ಮೊದಲೇ ಮಾವ ನೋಡಿ, ಗೇಟಿನ ಬಳಿ ನಿಂತು "ಹೋಗ್ಲಿ ಬಿಡಪ್ಪ, ಪರೀಕ್ಷೆ-2 ಇದೆಯಲ್ಲ" ಎಂದು ಸಮಾಧಾನ ಹೇಳಿದ್ದರು. ಆ ಮನೆಯವರು ಈಗಲೂ ಮಾವನನ್ನು ಕಂಡರೆ ಗೇಟು ಹಾಕಿಕೊಳ್ಳುತ್ತಾರೆ.

ಎಸ್ಸೆಸ್ಸೆಲ್ಸಿಯಲ್ಲಿ ನಂಬರಿನ ಜೊತೆ ಹುಟ್ಟಿದ ದಿನಾಂಕವೂ ಬೇಕು. ಅಲ್ಲೊಂದು ತಡೆ ಇದೆ ಅನ್ನಬಹುದಿತ್ತು. ಆದರೆ ಕೇಕಿನ ಮೇಲೆ ವಯಸ್ಸಿನ ಮೇಣದಬತ್ತಿ ನೆಟ್ಟು, ಅದೇ ದಿನ, ಅದೇ ಗುಂಪಿಗೆ ಫೋಟೋ ಹಾಕುವವರೂ ನಾವೇ. ಇನ್ನು ಅಂಕಪಟ್ಟಿಯನ್ನೇ ಹಾಕಿದರೆ ಹುಡುಕುವ ಕೆಲಸವೂ ಇಲ್ಲ: ಹುಟ್ಟಿದ ದಿನ, ತಂದೆಯ ಹೆಸರು, ತಾಯಿಯ ಹೆಸರು ಒಂದೇ ಹಾಳೆಯಲ್ಲಿ. ವಯಸ್ಸಿನ ದಾಖಲೆಯೆಂದು ಮುಂದೆ ಎಷ್ಟೋ ಕಚೇರಿಗಳಿಗೆ ಕೊಡಬೇಕಾದ ಕಾಗದ ಅದು.

ಮಾವನಿಗೆ ನಂಬರಿನ ಬೆಲೆ ಗೊತ್ತಾದದ್ದು ಒಂದು ಫೋನ್ ಕರೆಯಿಂದ. ಕರೆ ಮಾಡಿದವನು ಮಗಳ ಹೆಸರು ಹೇಳಿದ, ಸಿಇಟಿ ನಂಬರನ್ನು ಒಂದೂ ಅಂಕಿ ತಪ್ಪದೆ ಹೇಳಿದ, ಫಿಸಿಕ್ಸ್ ಸ್ವಲ್ಪ ಕೈಕೊಟ್ಟಿದೆಯಲ್ಲ ಸಾರ್ ಎಂದ. ರ‍್ಯಾಂಕ್ ಬರುವ ಮೊದಲೇ ಸೀಟು ಹಿಡಿದಿಡುತ್ತೇನೆ, ಮುಂಗಡ ಇಷ್ಟು ಕಳಿಸಿ ಎಂದ. ಕೊರಿಯರ್ ಹುಡುಗನ ಗೋತ್ರ ಕೇಳುವ ಮಾವ ಇವನನ್ನು ಏನೂ ಕೇಳಲಿಲ್ಲ. "ಅವನಿಗೆ ನಂಬರೇ ಗೊತ್ತು ಕಣೇ, ಒಳಗಿನವನೇ ಇರಬೇಕು" ಎಂದು ಅತ್ತೆಗೆ ಹೇಳಿ ಪಾಸ್‌ಬುಕ್ ತೆಗೆದರು. ಮೋಸಗಾರನಿಗೆ ಆ ಸಂಖ್ಯೆಯಿಂದ ಬೇಕಾದದ್ದು ಇಷ್ಟೇ. ಅದು ಬೀಗ ತೆಗೆಯುವ ಪಾಸ್‌ವರ್ಡಲ್ಲ ನಿಜ, ಆದರೆ ನಿಮ್ಮೆದುರು ಅವನನ್ನು ಅಧಿಕಾರಿಯನ್ನಾಗಿ ಮಾಡುವ ಗುರುತಿನ ಚೀಟಿ. ಅತ್ತೆ ಫೋನ್ ಕಿತ್ತುಕೊಂಡು, "ನಂಬರ್ ನೀವೇ ಗ್ರೂಪಿಗೆ ಹಾಕಿದ್ರಲ್ಲ, ಅಡುಗೆಯವರಿಗೂ ಗೊತ್ತು. ಅವರಿಗೂ ಮುಂಗಡ ಕೊಡ್ತೀರಾ?" ಎಂದರು. ಆ ಹಣ ಉಳಿಯಿತು.

ಅಳಿಸಿದೆನಲ್ಲ ಎಂಬುದು ಮಾವನ ಕೊನೆಯ ವಾದ. ಎಲ್ಲರಿಗೂ ಅಳಿಸುವ ಸೌಲಭ್ಯ ಇರುವುದು ಕಳಿಸಿದ ಸುಮಾರು ಎರಡೂವರೆ ದಿನದೊಳಗೆ. ಅಷ್ಟರಲ್ಲಿ ಯಾರಾದರೂ ಅದನ್ನು ತಮ್ಮ ಗ್ಯಾಲರಿಗೆ ಉಳಿಸಿಕೊಂಡಿದ್ದರೆ, ಬೇರೆ ಕಡೆ ದಾಟಿಸಿದ್ದರೆ, ಅದು ಅಲ್ಲೇ ಇರುತ್ತದೆ. ಮಗಳ ವಾದ ಇನ್ನೂ ಚಿಕ್ಕದು: "ಬರೆದಿದ್ದು ನಾನು. ನನ್ನನ್ನ ಒಂದು ಮಾತು ಕೇಳ್ಬೇಕಿತ್ತು." ಅದಕ್ಕೆ ಮಾವ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.

ಈಗ ಫೋಟೋ ತೆಗೆಯುವ ಕೆಲಸ ಅತ್ತೆಯದು. ಅವರ ವಿಧಾನಕ್ಕೆ ಆ್ಯಪೂ ಬೇಡ, ಚೌಕವೂ ಬೇಡ. ಹಳೆಯ ಮದುವೆ ಕಾಗದದ ದಪ್ಪ ರಟ್ಟನ್ನು ಕತ್ತರಿಸಿ ಹೆಸರು, ನಂಬರು, ಸುತ್ತುಗಳ ಕಂಬ, ಬಾರ್‌ಕೋಡ್, ಸಹಿ ಇಷ್ಟರ ಮೇಲೂ ಇಟ್ಟು, ಆಮೇಲೆ ಕ್ಯಾಮೆರಾ ಒತ್ತುತ್ತಾರೆ. ಕ್ಯಾಮೆರಾ ನೋಡದೇ ಇದ್ದದ್ದನ್ನು ಯಾವ ಬ್ರೈಟ್‌ನೆಸ್ಸೂ ಎಬ್ಬಿಸಲಾರದು. ಕಡತ ಪಿಡಿಎಫ್ ಆಗಿ ಬಂದಿದ್ದರೆ ಅದರ ಮೇಲೆ ಚೌಕ ಎಳೆದು ಅದನ್ನೇ ಕಳಿಸುವುದಿಲ್ಲ, ಏಕೆಂದರೆ ಚೌಕದ ಕೆಳಗಿನ ಅಕ್ಷರವನ್ನು ಆಯ್ದು ನಕಲು ಮಾಡಲು ಆಗಬಹುದು, ಕಡತದ ಹೆಸರಲ್ಲೇ ರಿಜಿಸ್ಟರ್ ನಂಬರ್ ಇರುವುದೂ ಉಂಟು. ಬೇಕಾದ ಭಾಗವನ್ನಷ್ಟೇ ಪರದೆಯಲ್ಲಿ ಹಿಗ್ಗಿಸಿ, ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಕಳಿಸುತ್ತಾರೆ. ಕಳಿಸುವ ಮೊದಲು ಒಂಬತ್ತನೇ ಕ್ಲಾಸಿನ ಹುಡುಗನಿಗೆ ತೋರಿಸುವುದೂ ಉಂಟು. ಅವನಿಗೆ ಏನೂ ಸಿಗದಿದ್ದರೆ ಪಾಸು.

ಅಂದಹಾಗೆ, ಫಿಸಿಕ್ಸ್ ಮೇಷ್ಟ್ರು ಆ ಎರಡು ಪ್ರಶ್ನೆಗಳನ್ನು ಕೊನೆಗೂ ನೋಡಿ ಹೇಳಿದರು. ಅದಕ್ಕೆ ಅವರು ಕೇಳಿದ್ದು ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ಮತ್ತು ಆ ಎರಡು ಸಾಲುಗಳನ್ನು ಮಾತ್ರ. ಹೆಸರನ್ನೂ ಕೇಳಲಿಲ್ಲ, ನಂಬರನ್ನೂ ಕೇಳಲಿಲ್ಲ.