ಅರೆಮನಸ್ಸಿನ ಪ್ರತ್ಯಾಮ್ಲ

ಪಿಯುಸಿ ಲ್ಯಾಬಿನಲ್ಲಿ ಅಮೋನಿಯಾ ಬಾಟಲಿಯ ಬಿರಡೆ ತೆಗೆದವರು ಯಾರೆಂದು ವಿಚಾರಣೆ ನಡೆಸಬೇಕಾಗಿಲ್ಲ. ಕಣ್ಣೊರೆಸಿಕೊಳ್ಳುತ್ತ ಕಿಟಕಿಯತ್ತ ಸರಿಯುತ್ತಿರುವವರೇ ಅವರು. ಇಷ್ಟು ಘಾಟಿನ ವಸ್ತುವನ್ನು ಪುಸ್ತಕಗಳು ‘ದುರ್ಬಲ ಪ್ರತ್ಯಾಮ್ಲ’ ಎಂದು ಕರೆಯುತ್ತವೆ. ಅನ್ಯಾಯ ಅನ್ನಿಸೀತು. ಆದರೆ ಆ ಘಾಟು ಬರುವುದೇ ದೌರ್ಬಲ್ಯದಿಂದ. ಅಮೋನಿಯಾ ನೀರಿನಿಂದ ಒಂದು ಪ್ರೋಟಾನ್ ಕಿತ್ತುಕೊಂಡರೆ ಅಮೋನಿಯಂ ಅಯಾನ್ ಆಗಿ ನೀರಿನಲ್ಲೇ ಉಳಿಯುತ್ತದೆ, ಹೈಡ್ರಾಕ್ಸೈಡ್ ಹಿಂದೆ ಬೀಳುತ್ತದೆ. ಕಿತ್ತುಕೊಳ್ಳದೆ ಸುಮ್ಮನೆ ಕೂತ ಅಣುಗಳೇ ಎದ್ದು ನಮ್ಮ ಮೂಗಿಗೆ ಬರುವುದು.

ಎಷ್ಟು ಅಣುಗಳು ಸುಮ್ಮನೆ ಕೂತಿವೆ ಎಂಬುದನ್ನು Kb ಹೇಳುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಮೋನಿಯಾದ Kb 1.8×10⁻⁵. ನಮ್ಮ ದ್ರಾವಣ 0.1 ಮೋಲಾರ್ ಇರಲಿ. ಅದರಲ್ಲಿ x ಮೋಲಾರ್‌ನಷ್ಟು ಪ್ರೋಟಾನ್ ಪಡೆಯಿತು ಎಂದುಕೊಳ್ಳೋಣ. ಆಗ

Kb = x² / (0.1 − x)

x ತೀರಾ ಸಣ್ಣದೆಂದು ಕೆಳಗಿನ x ಬಿಟ್ಟುಬಿಟ್ಟರೆ, x² ಬೆಲೆ 1.8×10⁻⁶, x ಬೆಲೆ 1.34×10⁻³. ಅಂದರೆ ನೂರಕ್ಕೆ ಒಂದು ಚಿಲ್ಲರೆ. ಮದುವೆಮನೆಯಲ್ಲಿ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಓಡಾಡುವ ನೂರು ಜನರಲ್ಲಿ ನಿಜಕ್ಕೂ ಸಾರು ಬಡಿಸುವವನು ಒಬ್ಬನೇ ಎನ್ನುವಂಥ ಸ್ಥಿತಿ.

ಈ x ಬೆಲೆಯ ಲಾಗ್ ತೆಗೆದು ಚಿಹ್ನೆ ಬದಲಿಸಿದರೆ 2.87 ಬರುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಈ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದು, ‘ಪಿಎಚ್’ ಎಂದು ಬರೆದು, ಮುಂದಿನ ಪ್ರಶ್ನೆಗೆ ಹಾರಿದವರು ಬಹಳ. ಆ ಲೆಕ್ಕದ ಪ್ರಕಾರ ಅಮೋನಿಯಾ ವಿನೆಗರ್‌ನಷ್ಟು ಹುಳಿ! ಕೆಂಪು ಲಿಟ್ಮಸ್ ಕಾಗದ ಎದುರಿಗೇ ನೀಲಿಯಾಗುತ್ತಿದ್ದರೂ ಕ್ಯಾಲ್ಕುಲೇಟರಿನ ಮಾತೇ ಮೇಲು. ನಮಗೆ ಸಿಕ್ಕಿದ್ದು ಹೈಡ್ರಾಕ್ಸೈಡ್‌ನ ಲೆಕ್ಕ, ಅಂದರೆ ಪಿಒಎಚ್. ಅದನ್ನು 14ರಿಂದ ಕಳೆದರೆ ಪಿಎಚ್ 11.13. ಪ್ರತ್ಯಾಮ್ಲಕ್ಕೆ 7ಕ್ಕಿಂತ ಕಡಿಮೆ ಉತ್ತರ ಬಂದರೆ ಎಲ್ಲೋ ಕಳೆಯುವುದು ಮರೆತಿದೆ ಎಂದೇ ಅರ್ಥ. ಇಷ್ಟೇ ಸಾಂದ್ರತೆಯ ಕಾಸ್ಟಿಕ್ ಸೋಡಾ ಎಲ್ಲ ಅಣುಗಳನ್ನೂ ಕೆಲಸಕ್ಕೆ ಹಚ್ಚಿ 13 ಮುಟ್ಟುತ್ತದೆ.

x ಬಿಟ್ಟುಬಿಡುವ ಸಲಿಗೆ ಎಲ್ಲ ಕಡೆ ನಡೆಯುವುದಿಲ್ಲ. ದ್ರಾವಣವನ್ನು 0.0001 ಮೋಲಾರ್‌ಗೆ ತೆಳುಮಾಡಿದರೆ ಸೋಮಾರಿಗಳ ಪ್ರಮಾಣ ಇಳಿಯುತ್ತದೆ. ಅಡ್ಡದಾರಿ ನೂರಕ್ಕೆ 42 ಅಣುಗಳು ಅಯಾನಾದವು ಎನ್ನುತ್ತದೆ, ವರ್ಗಸಮೀಕರಣ ಪೂರ್ತಿ ಬಿಡಿಸಿದರೆ ಬರುವುದು 34. ನೂರಕ್ಕೆ ಐದು ದಾಟಿತೆಂದರೆ ವರ್ಗಸಮೀಕರಣಕ್ಕೆ ಶರಣಾಗುವುದೇ ಮರ್ಯಾದೆ.

ಇನ್ನೊಂದು ಸಣ್ಣ ಕಿರುಕುಳವಿದೆ. ಕೋಷ್ಟಕ ತೆರೆದು ಅಮೋನಿಯಾದ Kb ಹುಡುಕಿದರೆ ಎಷ್ಟೋ ಸಲ ಅದು ಇರುವುದೇ ಇಲ್ಲ. ಅಮೋನಿಯಂ ಅಯಾನ್, pKa 9.25 ಎಂದಷ್ಟೇ ಇರುತ್ತದೆ. ಮಗನನ್ನು ಕೇಳಿದರೆ ಅಪ್ಪನ ವಿಳಾಸ ಕೊಟ್ಟಂತೆ ಕಂಡರೂ ಕೋಷ್ಟಕದವರದು ಜಿಪುಣತನವಲ್ಲ. ಅಮೋನಿಯಂ ತನ್ನ ಪ್ರೋಟಾನ್ ಬಿಡುವ Ka ಮತ್ತು ಅಮೋನಿಯಾ ಪ್ರೋಟಾನ್ ಹಿಡಿಯುವ Kb, ಇವೆರಡರ ಸೂತ್ರಗಳನ್ನು ಬರೆದು ಗುಣಿಸಿ ನೋಡಿ. ಒಂದರಲ್ಲಿ ಮೇಲಿರುವ ಅಮೋನಿಯಾ ಇನ್ನೊಂದರಲ್ಲಿ ಕೆಳಗಿದೆ, ಅಮೋನಿಯಂ ಕತೆಯೂ ಹಾಗೆಯೇ. ಎರಡೂ ಹೊಡೆದುಹೋಗಿ ಉಳಿಯುವುದು ಬರೀ ನೀರಿನ ಲೆಕ್ಕ:

Ka × Kb = [H⁺][OH⁻] = Kw = 1.0×10⁻¹⁴

ಹಾಗಾಗಿ 14ರಿಂದ 9.25 ಕಳೆದರೆ pKb 4.75, ಅಂದರೆ ನಮ್ಮ 1.8×10⁻⁵ ತಾನಾಗಿ ಸಿಕ್ಕಿತು. ಈ 14 ಕೂಡ 25 ಡಿಗ್ರಿಯ ಮಾತು. ನಮ್ಮ ಮೈಯ 37 ಡಿಗ್ರಿಯಲ್ಲಿ ಅದು ಸುಮಾರು 13.6. ‘ದುರ್ಬಲ ಪ್ರತ್ಯಾಮ್ಲದ ಜೋಡಿ ಪ್ರಬಲ ಆಮ್ಲ’ ಎಂದು ಬಾಯಿಪಾಠ ಮಾಡಿದವರು ಅಮೋನಿಯಂನ Ka ನೋಡಬೇಕು: 5.6×10⁻¹⁰. ಅದು ವಿನೆಗರ್ ಆಮ್ಲಕ್ಕಿಂತ ಎಷ್ಟೋ ಪಾಲು ಸಪ್ಪೆ. ಇಬ್ಬರೂ ದುರ್ಬಲರೇ.

ಈ Ka ಜಾಣತನ ಚೆನ್ನಾಗಿ ಬಳಕೆಗೆ ಬರುವುದು ಮೀನಿನ ವಿಷಯದಲ್ಲಿ. ಸಮುದ್ರದ ಮೀನು ಹಳತಾದಾಗ ಮೂಗಿಗೆ ಬಡಿಯುವ ವಾಸನೆಯಲ್ಲಿ ಮುಖ್ಯವಾದದ್ದು ಟ್ರೈಮೀಥೈಲ್‌ಅಮೀನ್, ಅಮೋನಿಯಾದ ದಾಯಾದಿ. ಅದರ ಜೋಡಿ ಆಮ್ಲದ pKa ಸುಮಾರು 9.8. ಸುತ್ತಲಿನ ಪಿಎಚ್ 9.8 ಇದ್ದರೆ ಅರ್ಧ ಅಣುಗಳು ಅಯಾನ್, ಅರ್ಧ ಬಿಡಿ. ಅಲ್ಲಿಂದ ಪಿಎಚ್ ಒಂದು ಮೆಟ್ಟಿಲು ಇಳಿದಂತೆಲ್ಲ ಬಿಡಿ ಅಣುಗಳ ಪಾಲು ಹೆಚ್ಚುಕಡಿಮೆ ಹತ್ತರಲ್ಲೊಂದಾಗುತ್ತದೆ. ಪಿಎಚ್ 6.8ರಲ್ಲಿ ಸಾವಿರಕ್ಕೊಂದು ಬಿಡಿ ಇರುತ್ತದೆ, ವಾಸನೆಗೆ ಅದೂ ಸಾಕು. ಬಂಗುಡೆಗೆ ಹುಣಸೆಹುಳಿ ಕಲಸಿ ಪಿಎಚ್ 3.8ಕ್ಕೆ ಇಳಿಸಿದರೆ ಹತ್ತು ಲಕ್ಷಕ್ಕೊಂದು. ಉಳಿದವು ಅಯಾನಾಗಿ ಸಾರಿನಲ್ಲೇ ಸಿಕ್ಕಿಬಿದ್ದಿರುತ್ತವೆ, ಗಾಳಿಗೆ ಏಳಲಾರವು. ಕೆಟ್ಟ ಮೀನನ್ನು ಮಾತ್ರ ಹುಳಿ ಒಳ್ಳೆಯದು ಮಾಡುವುದಿಲ್ಲ, ಅದರ ಚಾಡಿಯನ್ನಷ್ಟೇ ಮುಚ್ಚುತ್ತದೆ. ಆದ್ದರಿಂದ ಮೂಸುವುದು ಹುಳಿ ಹಾಕುವ ಮೊದಲೇ ಆಗಬೇಕು. ಕೈಯ ವಾಸನೆಗೂ ಇದೇ ಲೆಕ್ಕ: ಸೋಪಿನ ನೀರಿನ ಪಿಎಚ್ ಸಾಮಾನ್ಯವಾಗಿ 9ರಿಂದ 10, ಅಂದರೆ ಅಂಟಿಕೊಂಡಿದ್ದ ಅಯಾನುಗಳಲ್ಲಿ ಒಂದು ಒಳ್ಳೆಯ ಪಾಲನ್ನು ಬಿಡಿಸಿ ಮೂಗಿಗೆ ಕಳಿಸುವಷ್ಟು. ಮೊದಲು ನಿಂಬೆಹೋಳು ಉಜ್ಜಿ ತೊಳೆದು, ಸೋಪನ್ನು ಆಮೇಲೆ ಮುಟ್ಟುವುದು ವಾಸಿ.