ಧಮಾಕಾ ಪಂಚಾಂಗ

ದೀಪಾವಳಿಗೆ ಪಟಾಕಿಗಿಂತ ಮೊದಲು ಸಿಡಿಯುವುದು ರೀಚಾರ್ಜ್ ಮೆಸೇಜು. ಅದರ ಧಾಟಿ ನಿಮಗೂ ಬಾಯಿಪಾಠವಾಗಿರುತ್ತದೆ: "ಹಬ್ಬದ ಧಮಾಕಾ! ₹333ಕ್ಕೆ ತಿಂಗಳಿಡೀ ಅನ್‌ಲಿಮಿಟೆಡ್ ಡೇಟಾ, ಜೊತೆಗೆ 20 ಜಿಬಿ ಉಚಿತ*." ಹೆಸರು, ದರ ಯಾವುದೇ ಇರಲಿ, ಕೊನೆಯ ಆ ನಕ್ಷತ್ರ ಮಾತ್ರ ತಪ್ಪುವುದಿಲ್ಲ.

"ತಿಂಗಳಿಡೀ" ಎಂದರೆ 28 ದಿನ. ಕಂಪನಿಗಳ ಪಂಚಾಂಗದಲ್ಲಿ ಎಲ್ಲ ತಿಂಗಳೂ ಫೆಬ್ರವರಿಯೇ. ಹೀಗಾಗಿ ವರ್ಷಕ್ಕೆ 12 ಅಲ್ಲ, 13 ರೀಚಾರ್ಜು. ನಮ್ಮ ಅಧಿಕ ಮಾಸ ಹೆಚ್ಚೂಕಡಿಮೆ ಮೂರು ವರ್ಷಕ್ಕೊಮ್ಮೆ ಬಂದರೆ, ಅವರದು ಪ್ರತಿ ವರ್ಷ ಬರುತ್ತದೆ. 30 ದಿನದ್ದೊಂದು, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವುದೊಂದು ಪ್ಲಾನ್ ಕನಿಷ್ಠ ಇಟ್ಟಿರಲೇಬೇಕೆಂದು ಟ್ರಾಯ್ 2022ರಲ್ಲಿ ಹೇಳಿತು. ಇಟ್ಟಿದ್ದಾರೆ. ಹಬ್ಬದ ಮೆಸೇಜಿಗೆ ಮಾತ್ರ ಅವಕ್ಕೆ ಆಮಂತ್ರಣವಿಲ್ಲ.

"ಅನ್‌ಲಿಮಿಟೆಡ್" ದಿನಕ್ಕೆ 2 ಜಿಬಿಗೆ ಮುಗಿಯುತ್ತದೆ. ಆಮೇಲೂ ನೆಟ್ ಇರುತ್ತದೆ, 64 ಕೆಬಿಪಿಎಸ್ ವೇಗದಲ್ಲಿ. ಆ ವೇಗದಲ್ಲಿ ಸೆಕೆಂಡಿಗೆ ಸಾಗುವುದು 8 ಕೆಬಿ. ಅಮ್ಮ ಕಳಿಸಿದ 4 ಎಂಬಿಯ ರಂಗೋಲಿ ಫೋಟೊ ತೆರೆದುಕೊಳ್ಳಲು ಎಂಟೂವರೆ ನಿಮಿಷ ಬೇಕು. ಅಷ್ಟರಲ್ಲಿ ಇನ್ನೊಂದು ರಂಗೋಲಿ ಹಾಕಬಹುದು.

ನಿಜವಾದ ಕಲೆ ಇರುವುದು ಬೋನಸ್ಸಿನಲ್ಲಿ. ಆ 20 ಜಿಬಿ ಮುಟ್ಟಬೇಕಾದರೆ ಮೊದಲು ಆ ದಿನದ 2 ಜಿಬಿ ಖಾಲಿಯಾಗಬೇಕು. ಬೋನಸ್ಸಿನ ಆಯುಸ್ಸು ಏಳೇ ದಿನ. ಅಂದರೆ ಅದನ್ನು ಪೂರ್ತಿ ಉಣ್ಣಲು ಒಂದೇ ವಾರದಲ್ಲಿ 34 ಜಿಬಿ ಮುಗಿಸಬೇಕು. ದಿನಕ್ಕೆ ಒಂದೂಕಾಲು ಜಿಬಿ ಬಳಸುವ ನಿಮ್ಮ ಚಿಕ್ಕಪ್ಪನಿಗೆ ಆ ಉಡುಗೊರೆ ಕಾಣುವುದು ಮೆಸೇಜಿನಲ್ಲಿ ಮಾತ್ರ. ಕೊಟ್ಟಿಲ್ಲ ಎನ್ನುವ ಹಾಗಿಲ್ಲ, ಸಿಕ್ಕಿತು ಎನ್ನುವ ಹಾಗೂ ಇಲ್ಲ.

ಜಾಗ ಸಾಲದು, ಅದಕ್ಕೇ ನಕ್ಷತ್ರ ಎನ್ನುತ್ತಾರೆ. "ಧಮಾಕಾ", "ಸಂಭ್ರಮ", ಮೂರು ಆಶ್ಚರ್ಯಸೂಚಕ ಚಿಹ್ನೆ, ಎರಡು ಹಣತೆಯ ಚಿತ್ರಗಳಿಗೆ ಜಾಗವಿದೆಯಲ್ಲ! ಅವನ್ನು ಕಿತ್ತು, ಅಕ್ಟೋಬರ್ 20ರಂದು ರೀಚಾರ್ಜ್ ಮಾಡುವವನಿಗೆ ಬರೆದು ನೋಡಿ:

"₹333. ಇಂದಿನ ದಿನವೂ ಸೇರಿ 28 ದಿನ, ನವೆಂಬರ್ 16ರ ಮಧ್ಯರಾತ್ರಿವರೆಗೆ.
ದಿನಕ್ಕೆ 2 ಜಿಬಿ, ನಂತರ 64 ಕೆಬಿಪಿಎಸ್. ಉಳಿದದ್ದು ಮರುದಿನಕ್ಕೆ ಸೇರುವುದಿಲ್ಲ.
ಬೋನಸ್ 20 ಜಿಬಿ: ದಿನದ 2 ಜಿಬಿ ಮುಗಿದ ಮೇಲಷ್ಟೇ, ಅಕ್ಟೋಬರ್ 26ರವರೆಗೆ."

ಮೂರೇ ಸಾಲು. ದಿನಗಳ ಸಂಖ್ಯೆಯ ಪಕ್ಕದಲ್ಲಿ ತಾರೀಖೂ ಇರುವುದರಿಂದ ರಾತ್ರಿ ಹನ್ನೊಂದಕ್ಕೆ ರೀಚಾರ್ಜ್ ಮಾಡಿದವನೂ ಬೆರಳು ಎಣಿಸಬೇಕಿಲ್ಲ. ಮಾರ್ಕೆಟಿಂಗ್ ಸಾಹೇಬರು ಮುಖ ಸಿಂಡರಿಸಿ "ಇದರಲ್ಲಿ ಹಬ್ಬದ ಕಳೆಯೇ ಇಲ್ಲವಲ್ಲ" ಎಂದಾರು. ನಾಲ್ಕನೇ ಸಾಲಿನಲ್ಲಿ "ಶುಭ ದೀಪಾವಳಿ" ಎಂದು ಸೇರಿಸಿಕೊಳ್ಳಲಿ. ಅದಕ್ಕೆ ವ್ಯಾಲಿಡಿಟಿ ಬರೆಯಬೇಕಾಗಿಲ್ಲ.