ನಂಬರ್ ಪ್ಲೇಟಿಗೆ ಮುಸುಕು

ಹಳೆಯ ಕಾರನ್ನು ಮಾರಾಟಕ್ಕಿಟ್ಟವರು ಆನ್‌ಲೈನಿನಲ್ಲಿ ಫೋಟೊ ಹಾಕುವ ಮುನ್ನ ನಂಬರ್ ಪ್ಲೇಟ್ ಮರೆಮಾಡುವುದು ವಾಡಿಕೆ. ಬಂಪರಿನ ತಗ್ಗನ್ನೂ ಅಷ್ಟೇ ಶ್ರದ್ಧೆಯಿಂದ ಮರೆಮಾಡುವವರಿದ್ದಾರೆ. ಆ ಮಾತು ಬೇರೆ. ಪ್ಲೇಟ್ ಮುಚ್ಚಲು ಇರುವ ದಾರಿ ಮೂರು: ಚೌಕ ಚೌಕವಾಗಿ ಒಡೆಯುವ ಪಿಕ್ಸಲೇಶನ್, ಮಂಜು ಕವಿಸುವ ಬ್ಲರ್, ಮೇಲೆ ಒಂದೇ ಬಣ್ಣದ ಪಟ್ಟಿ. ಮೊದಲೆರಡಕ್ಕೆ ಟಿವಿ ಸುದ್ದಿಯ ಗಾಂಭೀರ್ಯವಿದೆ. ಮೂರನೆಯದು ನೋಡಲು ಒರಟು, ಆದರೆ ನಿಜವಾಗಿ ಮುಚ್ಚುವುದು ಅದೊಂದೇ.

ಪಿಕ್ಸಲೇಶನ್‌ನಲ್ಲಿ ಪ್ರತಿ ಚೌಕಕ್ಕೂ ಅದರಡಿಯ ಬಣ್ಣಗಳ ಸರಾಸರಿ ಬೀಳುತ್ತದೆ. ಸರಾಸರಿ ಎಂದರೆ ಅಳಿಸುವುದಲ್ಲ, ಸಾರಾಂಶ ಬರೆದಿಡುವುದು. ಕಾರಿನ ಪ್ಲೇಟಿನ ಸಾಮಾನ್ಯ ಅಳತೆ 500 ಮಿ.ಮೀ. ಉದ್ದ, 120 ಮಿ.ಮೀ. ಎತ್ತರ. ಫೋಟೊದಲ್ಲಿ ಅದು 200 ಪಿಕ್ಸೆಲ್ ಉದ್ದಕ್ಕೆ ಬಂದಿದೆ ಎನ್ನೋಣ. ಹತ್ತು ಅಕ್ಷರ-ಅಂಕಿಗಳಿರುವುದರಿಂದ ಒಂದೊಂದರ ಪಾಲಿಗೆ 20 ಪಿಕ್ಸೆಲ್. ಹತ್ತು ಪಿಕ್ಸೆಲ್‌ನ ಚೌಕಗಳಾಗಿ ಒಡೆದರೂ ಪ್ರತಿ ಅಂಕಿಗೆ ಅಡ್ಡಕ್ಕೆ ಎರಡು, ಉದ್ದಕ್ಕೆ ಮೂರು ನಾಲ್ಕು ಚೌಕ ಉಳಿಯುತ್ತವೆ. ಬಿಳಿ ಪ್ಲೇಟಿನಲ್ಲಿ ತೆಳ್ಳಗಿನ 1 ಇದ್ದ ಕಡೆ ಚೌಕಗಳು ಬೆಳ್ಳಗೇ ಉಳಿದರೆ, ಮೈತುಂಬಿದ 8 ಇದ್ದ ಕಡೆ ಬೂದಿ ಬಣ್ಣಕ್ಕೆ ತಿರುಗುತ್ತವೆ. 3ರ ಎಡಗಡೆ ತಿಳಿ, 6ರ ಎಡಗಡೆ ಗಾಢ.

ಪತ್ತೆಗೆ ಕೂತವನು ಈ ಚೌಕಗಳನ್ನು ಓದುವ ಗೋಜಿಗೇ ಹೋಗುವುದಿಲ್ಲ. 0ಯಿಂದ 9ರವರೆಗೆ ಅದೇ ಅಕ್ಷರಶೈಲಿಯಲ್ಲಿ ಬರೆದು, ಅಷ್ಟೇ ದೊಡ್ಡ ಚೌಕಗಳಾಗಿ ಒಡೆದು, ಯಾವುದು ಹೋಲುತ್ತದೆಂದು ತಾಳೆ ನೋಡುತ್ತಾನೆ. ಹೈ ಸೆಕ್ಯುರಿಟಿ ಪ್ಲೇಟುಗಳಿಗೆ ದೇಶಕ್ಕೆಲ್ಲ ಒಂದೇ ಅಕ್ಷರಶೈಲಿ. ಕಳ್ಳತನ ತಡೆಯಲು ತಂದ ಏಕರೂಪತೆ ಇವನಿಗೂ ಒದಗಿಬರುತ್ತದೆ. ಮೊದಲಿನ KA ಗುಟ್ಟೇ ಅಲ್ಲ. ಹಿನ್ನೆಲೆಯಲ್ಲಿ ಚಾಮುಂಡಿ ಬೆಟ್ಟ ಕಂಡರೆ 09 ಅಥವಾ 55 ಎಂದು ಊಹಿಸಲು ವಿದ್ಯೆ ಬೇಕಿಲ್ಲ. ಉಳಿದದ್ದು ಎರಡು ಅಕ್ಷರ, ನಾಲ್ಕು ಅಂಕಿ. I, O ಬಳಕೆಯಲ್ಲಿಲ್ಲದ ಕಾರಣ ಅಕ್ಷರಕ್ಕೆ 24 ಸಾಧ್ಯತೆ, ಅಂಕಿಗೆ 10. ಒಂದೊಂದನ್ನೇ ಬಿಡಿಸುತ್ತ ಹೋದರೆ ಒಟ್ಟು 88 ತಾಳೆ. ಕಂಪ್ಯೂಟರಿಗೆ ಇದು ಬೆವರು ಬರುವ ಕೆಲಸವಲ್ಲ.

ಹಾಗೆಂದು ಪ್ರತಿ ಸಲವೂ ಗುರಿ ತಾಗುವುದಿಲ್ಲ. ಪ್ಲೇಟ್ ಓರೆಯಾಗಿರಬಹುದು, ಒಂದು ಚೌಕ ಎರಡು ಅಂಕಿಗಳ ನಡುವೆ ಕಾಲು ಚಾಚಿರಬಹುದು, 8 ಮತ್ತು 0 ಅವಳಿಗಳಂತೆ ಕಾಣಬಹುದು. ಆದರೆ ಉಳಿದ ನಾಲ್ಕೈದು ಸಾಧ್ಯತೆಗಳನ್ನು ಎಂಪರಿವಾಹನ್ ಆ್ಯಪಿಗೆ ಹಾಕಿ, ಫೋಟೊದಲ್ಲಿರುವ ಮಾದರಿಯ ಕಾರು ಯಾವ ನಂಬರಿನದೆಂದು ನೋಡಿದರೆ ಅನುಮಾನ ತೀರುತ್ತದೆ. ಮಾರುವವರು ಆರು ಕೋನಗಳಿಂದ ಆರು ಫೋಟೊ ಹಾಕಿದ್ದರಂತೂ ಆರು ಸಾರಾಂಶಗಳನ್ನು ಕೊಟ್ಟಂತಾಯಿತು. ಪ್ಲೇಟಿಗೆಲ್ಲ ಎರಡೇ ಚೌಕ ಬರುವಷ್ಟು ದಪ್ಪ ಮಾಡಿದರೆ ಅಪಾಯವಿಲ್ಲ. ಆದರೆ ಅದು ಪಟ್ಟಿ ಬಳಿದದ್ದಕ್ಕಿಂತ ಹೆಚ್ಚೇನೂ ಅಲ್ಲ.

ಬ್ಲರ್‌ನ ಹಣೆಬರಹವೂ ಇದೇ. ಪ್ರತಿ ಪಿಕ್ಸೆಲ್‌ನ ಬಣ್ಣವನ್ನು ಗೊತ್ತಾದ ಸೂತ್ರದಂತೆ ಅಕ್ಕಪಕ್ಕಕ್ಕೆ ಹಂಚುವುದರಿಂದ ಅದೇ ತಾಳೆ ಇಲ್ಲೂ ನಡೆಯುತ್ತದೆ. ತೆಳು ಬ್ಲರ್ ಆದರೆ ಕಂಪ್ಯೂಟರೂ ಬೇಡ: ಫೋಟೊವನ್ನು ಚಿಕ್ಕದು ಮಾಡಿ, ಕಣ್ಣು ಕಿರಿದಾಗಿಸಿ ನೋಡಿದರೆ ಸಾಕು. ಬೆಲ್ ಲ್ಯಾಬ್ಸ್‌ನ ಲಿಯಾನ್ ಹಾರ್ಮನ್ 1973ರಲ್ಲೇ ಒರಟು ಚೌಕಗಳ ಲಿಂಕನ್ ಚಿತ್ರ ಪ್ರಕಟಿಸಿದ್ದರು. ದೂರ ಸರಿದು ನೋಡಿದವರಿಗೆ ಅಧ್ಯಕ್ಷರು ಗಡ್ಡಸಮೇತ ದರ್ಶನ ಕೊಡುತ್ತಿದ್ದರು.

ಪಟ್ಟಿ ಬಳಿದಾಗ ಅಡಿಯ ಪಿಕ್ಸೆಲ್‌ಗಳ ಜಾಗದಲ್ಲಿ ಹೊಸವು ಬಂದು ಕೂರುತ್ತವೆ. ತಾಳೆ ನೋಡಲು ಏನೂ ಉಳಿಯುವುದಿಲ್ಲ. ಎಡವಟ್ಟಾಗುವುದು ಉಪಕರಣದ ಆಯ್ಕೆಯಲ್ಲಿ. ಫೋನಿನ ಹೈಲೈಟರ್ ಪೆನ್ನು ಪಾರದರ್ಶಕ. ಅದರಿಂದ ನಾಲ್ಕು ಸಲ ಗೀಚಿದರೆ ಕಣ್ಣಿಗೆ ಕಡುಕಪ್ಪು, ಆದರೆ ಬ್ರೈಟ್‌ನೆಸ್, ಎಕ್ಸ್‌ಪೋಷರ್ ಏರಿಸಿದ ಕೂಡಲೇ ನಂಬರ್ ಮೆಲ್ಲಗೆ ಇಣುಕುತ್ತದೆ. ಆದ್ದರಿಂದ ಪೆನ್ನಿನ ಬದಲು ಪೂರ್ತಿ ತುಂಬಿದ ಆಯತ, ಅಪಾರದರ್ಶಕತೆ 100 ಪ್ರತಿಶತ, ಅಂಚುಗಳು ಪ್ಲೇಟಿಗಿಂತ ತುಸು ಹೊರಕ್ಕೆ. ಕತ್ತರಿಸಿ ತೆಗೆದರೂ ಆದೀತು ಎನ್ನುವವರಿಗೆ 2023ರ ಒಂದು ಪ್ರಸಂಗವಿದೆ: ಗೂಗಲ್ ಪಿಕ್ಸೆಲ್ ಫೋನುಗಳ ಎಡಿಟರ್‌ನಲ್ಲಿ ಕತ್ತರಿಸಿದ ಸ್ಕ್ರೀನ್‌ಶಾಟಿನ ಕಡತದೊಳಗೆ ಹಳೆಯ ಚಿತ್ರದ ಭಾಗ ಉಳಿದುಬಿಡುತ್ತಿದ್ದುದು ಬಯಲಾಯಿತು. ಎಡಿಟ್ ಮುಗಿದ ಮೇಲೆ ಪದರಗಳಿಲ್ಲದ ಹೊಸ ಜೆಪೆಗ್ ಆಗಿ ಉಳಿಸಿ, ಅದನ್ನೇ ಮತ್ತೆ ತೆರೆದು, ಬೆಳಕು ಏರಿಸಿ ಪರೀಕ್ಷಿಸುವುದು ವಾಸಿ.

ಪಟ್ಟಿಯ ಕೈಗೆಟುಕದ ಜಾಗಗಳೂ ಇವೆ. ಹೈ ಸೆಕ್ಯುರಿಟಿ ಪ್ಲೇಟಿನ ಜೊತೆ ಮುಂದಿನ ಗಾಜಿಗೆ ಅಂಟಿಸುವ ಸ್ಟಿಕ್ಕರಿನಲ್ಲೂ ಅದೇ ನಂಬರ್ ಇರುತ್ತದೆ. ಪಕ್ಕದಲ್ಲಿ ನಿಂತ ಕಾರಿನ ಹೊಳೆಯುವ ಬಾಗಿಲಲ್ಲಿ ಪ್ಲೇಟ್ ತಿರುವುಮುರುವಾಗಿ ಮೂಡಿರಬಹುದು. ಆ ಪಕ್ಕದ ಕಾರು ನೆರೆಮನೆಯವರದು. ಅದರ ನಂಬರಿಗೂ ಒಂದು ಪಟ್ಟಿ ಬೇಕು.